ಬಚ್ಚಲೊಲೆ ಹೊತ್ತಿಸ್ಲಿಕ್ಕೆ ಎಂತ ಹಾಕ್ತೀರಿ?

"ನಿಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಸುಡ್ತೀರಾ?" ಅಂತ ಕಾಸರಗೋಡಿನ ಯಾವ ಪಂಚಾಯತಿಗೆ ಹೋಗಿ ಕೇಳಿದ್ರೂ ಹೆಚ್ಚುಕಮ್ಮಿ ಎಲ್ಲ ಮನೆಯಿಂದ ಒಂದೇ ಉತ್ತರ ಬರ್ತದೆ, ಇಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತುಂಟು. ಕೇರಳದಲ್ಲಿ ಕಸ ಸುಟ್ಟರೆ ದಂಡ ಉಂಟು, 2023ರಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದ ಮೇಲಂತೂ ಎಲ್ಲ ಕಡೆ ಬಿಗಿ ಜಾಸ್ತಿ ಆಯ್ತು. ಪ್ಲಾಸ್ಟಿಕ್ ಕಸ ತಗೊಂಡು ಹೋಗ್ಲಿಕ್ಕೆ ಹರಿತ ಕರ್ಮ ಸೇನೆಯ ಅಕ್ಕಂದಿರು ಮನೆಮನೆಗೆ ಬರ್ತಾರೆ, ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ತಿಂಗಳಿಗೆ ಇಷ್ಟು ಅಂತ ಯೂಸರ್ ಫೀ ಕೊಡ್ಬೇಕು. ಇಷ್ಟೆಲ್ಲ ಇರುವಾಗ ಪೆನ್ನು ಕಾಗದ ಹಿಡ್ಕೊಂಡು ಬಂದ ಗುರುತಿಲ್ಲದ ಹುಡುಗನ ಎದುರು ಹೌದು ಸುಡ್ತೇವೆ ಅಂತ ಯಾರು ಹೇಳ್ತಾರೆ?

ಮನೆಮನೆ ಸರ್ವೆಗೆ ಪ್ರಶ್ನಾವಳಿ ಮಾಡಿಕೊಡೋದು ನನ್ನ ಕೆಲಸ. ಮಂಜೇಶ್ವರ ತಾಲೂಕಿನ ಒಂದು ಯುವಕ ಸಂಘದವರು ತಮ್ಮ ಪಂಚಾಯತಿನಲ್ಲಿ ಕಸದ ಅಭ್ಯಾಸದ ಸರ್ವೆ ಮಾಡ್ಬೇಕು ಅಂತ ಒಂದು ಪ್ರಶ್ನಾವಳಿ ಕಳಿಸಿದ್ರು. ಅದ್ರಲ್ಲಿ ಮೂರನೇ ಪ್ರಶ್ನೆ ಹೀಗಿತ್ತು: "ಪ್ಲಾಸ್ಟಿಕ್ ಸುಡುವುದು ಆರೋಗ್ಯಕ್ಕೆ ಹಾನಿಕರ ಎಂದು ನಿಮಗೆ ತಿಳಿದಿದೆಯೇ? ನೀವು ಸುಡುತ್ತೀರಾ?" ಹುಡುಗರಿಗೆ ಕಾಳಜಿ ಇತ್ತು, ಆದ್ರೆ ಇಲ್ಲಿ ಮೊದಲ ವಾಕ್ಯದಲ್ಲೇ ಎಂತ ಉತ್ತರ ಹೇಳ್ಬೇಕು ಅಂತ ಹೇಳಿಕೊಟ್ಟು ಆಯ್ತು, ಇನ್ನು ಎರಡನೇ ವಾಕ್ಯಕ್ಕೆ ಹೌದು ಅಂದ್ರೆ ಅವರು ಗೊತ್ತಿದ್ದೂ ತಪ್ಪು ಮಾಡ್ತಾರೆ ಅಂತ ಒಪ್ಪಿಕೊಂಡ ಹಾಗೆ. ಉತ್ತರವನ್ನು ಒಂದು ಕಡೆಗೆ ಎಳೆಯುವ ಪ್ರಶ್ನೆ ಅಂದ್ರೆ ಇದೇ.

ಹಾಗಾದ್ರೆ ನಿಜ ಸಂಗತಿ ಹೇಗೆ ತಿಳಿಯೋದು? ನಮ್ಮ ಕಡೆ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಉಂಟು, ಬೆಳಿಗ್ಗೆ ಹಂಡೆ ನೀರು ಕಾಯಿಸ್ಲಿಕ್ಕೆ ಬೆಂಕಿ ಹಾಕ್ತಾರೆ. ಒಣ ಮಡಲು, ಗೆರಟೆ, ಅಡಿಕೆ ಸಿಪ್ಪೆ ಎಲ್ಲ ಇದ್ದೇ ಇರ್ತದೆ, ಆದ್ರೆ ಬೆಂಕಿ ಹಿಡಿಸ್ಲಿಕ್ಕೆ ಮೊದಲು ಕೈಗೆ ಸಿಕ್ಕೋದು ಹಾಲಿನ ಪ್ಯಾಕೆಟೋ ಬಿಸ್ಕತ್ತಿನ ಕವರೋ ಆಗಿರ್ಬಹುದು. ಅಂಗಳದಲ್ಲಿ ರಾಶಿ ಹಾಕಿ ಕೊಡೋ ಬೆಂಕಿಗೆ ಮಾತ್ರ ಜನ ಸುಡೋದು ಅಂತ ಹೇಳ್ತಾರೆ, ಒಲೆಗೆ ಎರಡು ಕವರ್ ಹಾಕಿದ್ದು ಆ ಲೆಕ್ಕಕ್ಕೆ ಬರೋದೇ ಇಲ್ಲ. ಅದಕ್ಕೆ ನಾವು ಆ ಪ್ರಶ್ನೆಯನ್ನೇ ತೆಗೆದು ಹೀಗೆ ಬರೆದೆವು: "ಇವತ್ತು ಬೆಳಿಗ್ಗೆ ಬಚ್ಚಲೊಲೆ ಹೊತ್ತಿಸಿದ್ರಾ? ಬೆಂಕಿ ಹಿಡಿಸ್ಲಿಕ್ಕೆ ಎಂತೆಲ್ಲ ಹಾಕಿದ್ರಿ?" ಆಯ್ಕೆಗಳನ್ನ ಓದಿ ಹೇಳ್ಲಿಕ್ಕೆ ಇಲ್ಲ, ಅವರು ಹೇಳಿದ್ದಕ್ಕೆ ಟಿಕ್ ಹಾಕೋದು, ಕಾಗದ, ಮಡಲು, ಸೀಮೆಎಣ್ಣೆ, ಪ್ಲಾಸ್ಟಿಕ್ ಕವರ್, ಬೇರೆ ಏನಾದ್ರೂ. ಯಾವುದೂ ತಪ್ಪು ಅಂತ ಪ್ರಶ್ನೆ ಎಲ್ಲೂ ಹೇಳೋದಿಲ್ಲ, ಅಡುಗೆ ವಿಷಯ ಕೇಳಿದ ಹಾಗೆ ಜನ ಸಲೀಸಾಗಿ ಹೇಳ್ತಾರೆ.

ಇಲ್ಲಿ "ಇವತ್ತು ಬೆಳಿಗ್ಗೆ" ಅನ್ನೋದನ್ನ ಬೇಕಂತಲೇ ಹಾಕಿದ್ದು. "ಸಾಮಾನ್ಯವಾಗಿ ಏನು ಮಾಡ್ತೀರಿ" ಅಂತ ಕೇಳಿದ್ರೆ ಜನ ತಾವು ಹೇಗಿರ್ಬೇಕು ಅಂತ ಅಂದ್ಕೊಂಡಿದ್ದಾರೋ ಅದನ್ನ ಹೇಳ್ತಾರೆ, ಇವತ್ತಿನದ್ದು ನಿನ್ನೆಯದ್ದು ಕೇಳಿದ್ರೆ ನೆನಪು ಮಾಡಿ ನಡೆದದ್ದನ್ನ ಹೇಳ್ತಾರೆ. ಒಂದು ಮನೆಯವರು ಇವತ್ತು ಪ್ಲಾಸ್ಟಿಕ್ ಹಾಕದೆ ನಿನ್ನೆ ಹಾಕಿರ್ಬಹುದು, ಆ ಮನೆಯ ಮಟ್ಟಿಗೆ ಉತ್ತರ ಪೂರ್ತಿ ಆಗೋದಿಲ್ಲ ನಿಜ, ಆದ್ರೆ ಇನ್ನೂರೈವತ್ತು ಮನೆ ಸೇರಿದಾಗ ಒಂದು ಬೆಳಿಗ್ಗೆ ಎಷ್ಟು ಒಲೆಗೆ ಪ್ಲಾಸ್ಟಿಕ್ ಬೀಳ್ತದೆ ಅಂತ ಅಂದಾಜು ಸಿಕ್ತದೆ.

ಇನ್ನೊಂದು ಪ್ರಶ್ನೆ "ನೀವು ಕಸ ಬೇರ್ಪಡಿಸಿ ತೊಳೆದು ಹರಿತ ಕರ್ಮ ಸೇನೆಗೆ ಕೊಡುತ್ತೀರಾ?" ಅಂತ. ಒಂದೇ ವಾಕ್ಯದಲ್ಲಿ ಮೂರು ಕೆಲಸ. ಬೇರೆ ಮಾಡಿ ತೊಳೆಯದೆ ಕೊಡೋರು ಎಂತ ಹೇಳ್ಬೇಕು? ಇದನ್ನ ಒಡೆದು, "ಕಳೆದ ಸಲ ಸೇನೆಯವರು ಬಂದಾಗ ಪ್ಲಾಸ್ಟಿಕ್ ಕೊಟ್ರಾ?" ಅಂತ ಕೇಳಿ, ಕೊಟ್ಟಿದ್ರೆ "ಹಾಲಿನ ಪ್ಯಾಕೆಟ್ ಅದ್ರಲ್ಲಿ ಇತ್ತಾ, ತೊಳೆದು ಒಣಗಿಸಿದ್ದಾ?" ಅಂತ ಕೇಳ್ಬೇಕು. ಕೊನೆಗೆ ಒಂದು ಮಾತು, "ಮುಂದಿನ ಸಲಕ್ಕೆ ಎತ್ತಿಟ್ಟ ಚೀಲ ಉಂಟಾ, ಒಮ್ಮೆ ನೋಡ್ಬಹುದಾ ಅಕ್ಕ?" ತೋರಿಸಿದ್ರೆ ನೋಡಿದೆ ಅಂತ ಗುರುತು ಹಾಕೋದು, ಬೇಡ ಅಂದ್ರೆ ಒತ್ತಾಯ ಇಲ್ಲ. ಕೊಡ್ತೇವೆ ಅಂತ ಹೇಳಿದ ಮನೆಗಳಲ್ಲಿ ಎಷ್ಟು ಕಡೆ ಚೀಲ ಕಣ್ಣಿಗೆ ಕಂಡಿತು ಅನ್ನೋದು, ಬಾಯಿಮಾತಿನ ಉತ್ತರ ಎಷ್ಟು ನಂಬ್ಬಹುದು ಅಂತ ಅಳೆಯೋಕೆ ನನಗೆ ಗೊತ್ತಿರುವ ಅತಿ ಸುಲಭದ ದಾರಿ.

ಈಗ ಎಷ್ಟು ಮನೆ ಅನ್ನೋ ವಿಷಯ. ಸಂಘದವರು "ಹತ್ತು ಪರ್ಸೆಂಟ್ ಮನೆ ತಗೊಂಡ್ರೆ ಸಾಕಲ್ವಾ ಸರ್" ಅಂತ ಕೇಳಿದ್ರು. ತುಂಬಾ ಕಡೆ ಈ ನಂಬಿಕೆ ಉಂಟು. ಆದ್ರೆ ಎಷ್ಟು ಮನೆ ಬೇಕು ಅನ್ನೋದನ್ನ ಮುಖ್ಯವಾಗಿ ನಿರ್ಧರಿಸೋದು ಉತ್ತರ ನಿಜ ಸಂಖ್ಯೆಗೆ ಎಷ್ಟು ಹತ್ತಿರ ಇರ್ಬೇಕು ಅನ್ನೋದು, ಊರಿನ ಗಾತ್ರದ ಪಾಲು ಅದ್ರಲ್ಲಿ ಸಣ್ಣದು. 60 ಮನೆಯ ಒಂದು ಬೈಲಿನಲ್ಲಿ ಹತ್ತು ಪರ್ಸೆಂಟ್ ಅಂದ್ರೆ ಆರು ಮನೆ, ಅದ್ರಿಂದ ಏನೂ ತಿಳಿಯೋದಿಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ಪಂಚಾಯತಿನಲ್ಲಿ 6000 ಮನೆ ಅಂತ ಇಟ್ಕೊಳ್ಳಿ. ಪ್ಲಾಸ್ಟಿಕ್ ಹಾಕೋರು ಎಷ್ಟು ಪರ್ಸೆಂಟ್ ಅಂತ ಮೊದಲೇ ಗೊತ್ತಿಲ್ಲ, ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಮನೆ ಕೇಳೋ ಅಂದಾಜು, ಅಂದ್ರೆ ಅರ್ಧಕ್ಕರ್ಧ ಅಂತ ಹಿಡೀತೇವೆ. ಉತ್ತರ ಆರು ಪರ್ಸೆಂಟ್ ಆಚೆ ಈಚೆ ಆದ್ರೆ ಪರವಾಗಿಲ್ಲ, 95 ಪರ್ಸೆಂಟ್ ಭರವಸೆ ಸಾಕು ಅಂದ್ರೆ, ಆ ಭರವಸೆಗೆ ಹಿಡಿಯೋ ಅಂಕಿ 1.96, ಬೇಕಾದ ಮನೆಗಳ ಸಂಖ್ಯೆ n ಹೀಗೆ ಬರ್ತದೆ,

n = 1.96² × 0.5 × 0.5 / 0.06² = 267

ಊರಲ್ಲಿ ಇರೋದೇ 6000 ಮನೆ ಅನ್ನೋ ಕಾರಣಕ್ಕೆ ಒಂದು ಸಣ್ಣ ತಿದ್ದುಪಡಿ ಉಂಟು, 267ನ್ನ 1 + 266/6000 ಇಂದ ಭಾಗಿಸಿದ್ರೆ 256 ಆಗ್ತದೆ. ಇದು ಕೈಗೆ ಬರ್ಬೇಕಾದ ಉತ್ತರಗಳ ಲೆಕ್ಕ. ಬೀಗ ಹಾಕಿದ ಮನೆ, ಬೇಡ ಅನ್ನೋರು ಇವರಿಗೆ ನೂರಕ್ಕೆ ಹದಿನೈದು ಹೋಗ್ತದೆ ಅಂತ ಇಟ್ರೆ 256ನ್ನ 0.85ರಿಂದ ಭಾಗಿಸಿ ಸುಮಾರು 300 ಮನೆ ಪಟ್ಟಿ ಮಾಡ್ಬೇಕು. ಆರರ ಬದಲು ಮೂರು ಪರ್ಸೆಂಟ್ ಬೇಕು ಅಂದ್ರೆ 267 ಇದ್ದದ್ದು 1067ಕ್ಕೆ ಹಾರ್ತದೆ, ಸಂಘದ ಹುಡುಗರು ಬಿಡುವಿನಲ್ಲಿ ಮಾಡೋ ಕೆಲಸಕ್ಕೆ ಅದು ಆಗೋ ಮಾತಲ್ಲ, ಮತ್ತೆ ಅಷ್ಟು ಸೂಕ್ಷ್ಮ ಯಾರಿಗೂ ಬೇಕಾಗಿಯೂ ಇರ್ಲಿಲ್ಲ.

ಮುನ್ನೂರು ಮನೆ ಆರಿಸೋದು ಹೇಗೆ ಅನ್ನೋದ್ರಲ್ಲೇ ಹೆಚ್ಚಿನ ಸರ್ವೆ ಹಾಳಾಗೋದು. ಹುಡುಗರನ್ನ ಹಾಗೇ ಬಿಟ್ರೆ ರಸ್ತೆ ಬದಿಯ ಮನೆ, ಗುರುತಿನವರ ಮನೆ, ನಾಯಿ ಇಲ್ಲದ ಮನೆಗೆ ಹೋಗ್ತಾರೆ, ಗುಡ್ಡದ ಆಚೆ ತೋಟದೊಳಗಿನ ಮನೆ ತಪ್ಪಿಹೋಗ್ತದೆ, ಸೇನೆಯ ಗಾಡಿ ಹೋಗೋದು ಕಷ್ಟ ಇರೋ ಮನೆಗಳೇ ಅವು. ಇನ್ನು ಸೇನೆಯ ಹತ್ರ ಇರೋ ಯೂಸರ್ ಫೀ ಕೊಡೋರ ಪಟ್ಟಿ ತಗೊಂಡ್ರೆ ಅದೂ ಸರಿಯಲ್ಲ, ಕೊಡದೇ ಇರೋರು ಆ ಪಟ್ಟಿಯಲ್ಲೇ ಇರ್ಲಿಕ್ಕಿಲ್ಲ, ನಮಗೆ ಮುಖ್ಯವಾಗಿ ಬೇಕಾದವರು ಅವರೇ. ಪಂಚಾಯತಿನಲ್ಲಿ ವಾರ್ಡ್ ಪ್ರಕಾರ ಮನೆ ನಂಬರಿನ ಪಟ್ಟಿ ಇರ್ತದೆ, ಅದನ್ನ ಕೇಳಿ ತಗೊಳ್ಳಿ. 6000ವನ್ನ 300ರಿಂದ ಭಾಗಿಸಿದ್ರೆ 20, ಒಂದರಿಂದ ಇಪ್ಪತ್ತರ ಒಳಗೆ ಒಂದು ಚೀಟಿ ಎತ್ತಿ, 7 ಬಂತು ಅಂತ ಇಟ್ಕೊಳ್ಳಿ, ಆಗ 7, 27, 47 ಹೀಗೆ ಪಟ್ಟಿಯ ಕೊನೆ ತನಕ. ಪಟ್ಟಿ ವಾರ್ಡಿನ ಕ್ರಮದಲ್ಲೇ ಇರೋದ್ರಿಂದ ದೊಡ್ಡ ವಾರ್ಡಿಗೆ ಜಾಸ್ತಿ, ಸಣ್ಣದಕ್ಕೆ ಕಮ್ಮಿ ತಾನಾಗಿಯೇ ಬರ್ತದೆ.

ಬೀಗ ಹಾಕಿದ್ರೆ ಪಕ್ಕದ ಮನೆಗೆ ಹೋಗ್ಲಿಕ್ಕೆ ಇಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿಯೇ. ಗಲ್ಫಿನಲ್ಲಿ ಇರೋರ ಮನೆ ವರ್ಷಗಟ್ಟಲೆ ಖಾಲಿ ಇದ್ರೆ ಅದನ್ನ ಖಾಲಿ ಅಂತ ಬರೆದು ಬಿಡ್ಬಹುದು, ಅಲ್ಲಿ ಕಸವೂ ಇಲ್ಲ. ಆದ್ರೆ ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ ಹೋದ ಮನೆಗೆ ಸಂಜೆಯೋ ಭಾನುವಾರವೋ ಮತ್ತೆ ಹೋಗ್ಲೇಬೇಕು. ಕವರ್ ತೊಳೆದು ಹಗ್ಗಕ್ಕೆ ಹಾಕಿ ಒಣಗಿಸ್ಲಿಕ್ಕೆ ಟೈಮ್ ಇಲ್ಲದೇ ಇರೋರು ಅವರೇ, ಅವರನ್ನ ಬಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಮನೆಯಲ್ಲಿ ಸಿಕ್ಕಿದವರನ್ನ ಮಾತ್ರ ಕೇಳಿದ್ರೆ ಊರು ಇರೋದಕ್ಕಿಂತ ಚೊಕ್ಕವಾಗಿ ಕಾಣ್ತದೆ. ಮನೆಯೊಳಗೂ ಹಾಗೇ. ಎದುರು ಬಂದ ಯಜಮಾನರಿಗೆ ಒಲೆಗೆ ಎಂತ ಬೀಳ್ತದೆ ಅಂತ ಗೊತ್ತಿರ್ಬೇಕಂತ ಇಲ್ಲ, "ಬೆಳಿಗ್ಗೆ ಒಲೆ ಹೊತ್ತಿಸೋದು ಯಾರು, ಅವರ ಹತ್ರ ಎರಡು ನಿಮಿಷ ಮಾತಾಡ್ಬಹುದಾ" ಅಂತ ಕೇಳೋದು ಮೊದಲ ಪ್ರಶ್ನೆ ಆಗ್ಬೇಕು.

ಕ್ವಾರ್ಟರ್ಸ್ ವಿಷಯ ಬೇರೆಯೇ. ಪೇಟೆ ಹತ್ರ ಬಾಡಿಗೆ ರೂಮುಗಳಲ್ಲಿ ಇರೋರಿಗೆ ಬಚ್ಚಲೊಲೆಯೂ ಇಲ್ಲ ತೋಟದ ಗುಂಡಿಯೂ ಇಲ್ಲ, ಅವರ ಕಸ ಹೋಗೋ ದಾರಿಯೇ ಬೇರೆ. ಆರು ಸಾವಿರದಲ್ಲಿ 600 ಕ್ವಾರ್ಟರ್ಸ್ ಇದ್ರೆ ನಮ್ಮ ಮುನ್ನೂರರಲ್ಲಿ ಬರೋದು ಸುಮಾರು 30, ಉತ್ತರ ಸಿಗೋದು 25, ಅಷ್ಟರಿಂದ ಕ್ವಾರ್ಟರ್ಸಿನವರ ಬಗ್ಗೆ ಪ್ರತ್ಯೇಕವಾಗಿ ಹೇಳಿದ್ರೆ ಇಪ್ಪತ್ತು ಪರ್ಸೆಂಟ್ ಆಚೆ ಈಚೆ ಆಗ್ಬಹುದು. ಅವರ ಬಗ್ಗೆ ಹೇಳ್ಬೇಕು ಅಂತ ಇದ್ರೆ ಬೇರೆ ಪಟ್ಟಿ ಮಾಡಿ ಅಲ್ಲಿಂದಲೇ ನೂರು ರೂಮು ತಗೊಳ್ಳಿ. ಆದ್ರೆ ಇಡೀ ಪಂಚಾಯತಿನ ಲೆಕ್ಕ ಹಾಕುವಾಗ ಅವರ ಪಾಲನ್ನ ಹತ್ತು ಪರ್ಸೆಂಟಿಗೇ ಇಳಿಸ್ಬೇಕು, ಇಲ್ಲಾಂದ್ರೆ ಸರಾಸರಿ ಕ್ವಾರ್ಟರ್ಸ್ ಕಡೆಗೆ ವಾಲ್ತದೆ.

ಕೇಳೋರು ಯಾರು ಅನ್ನೋದೂ ಉತ್ತರವನ್ನ ತಿರುಗಿಸ್ತದೆ. ಸೇನೆಯ ಅಕ್ಕನೇ ಬಂದು "ನನಗೆ ಪ್ಲಾಸ್ಟಿಕ್ ಕೊಡ್ತೀರಾ" ಅಂತ ಕೇಳಿದ್ರೆ ಇಲ್ಲ ಅನ್ನೋದು ಹೇಗೆ? ಪಕ್ಕದ ವಾರ್ಡಿನ ಕಾಲೇಜು ಹುಡುಗಿಯರು ಬಂದ್ರೆ ಒಳ್ಳೇದು, ಹೆಸರು ಬರೆಯೋದಿಲ್ಲ, ದಂಡಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮೊದಲೇ ಹೇಳ್ಬೇಕು, ಹೇಳಿದ ಹಾಗೆ ನಡ್ಕೊಳ್ಳಲೂ ಬೇಕು. ಕನ್ನಡ, ತುಳು, ಮಲಯಾಳ ಮೂರರಲ್ಲೂ ಪ್ರಶ್ನೆಯನ್ನ ಕಾಗದದಲ್ಲೇ ಬರೆದಿಡಿ, ಮನೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ರೆ ಅದು ಬೇರೆ ಬೇರೆ ಸರ್ವೆ ಆಗ್ತದೆ. ಪಟ್ಟಿಯಲ್ಲಿ ಇಲ್ಲದ ಹದಿನೈದು ಇಪ್ಪತ್ತು ಮನೆಯಲ್ಲಿ ಮೊದಲು ಕೇಳಿ ನೋಡಿ. ಯಾವ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ರೋ, ಯಾವುದಕ್ಕೆ "ಅಂದ್ರೆ ಎಂತ?" ಅಂತ ತಿರುಗಿ ಕೇಳಿದ್ರೋ ಅದನ್ನ ತೆಗೀಬೇಕು ಅಥವಾ ಹೊಸದಾಗಿ ಬರೀಬೇಕು.

ಕೊನೆಗೆ ಒಂದು ವಿಷಯ, ಇದನ್ನ ಯಾವ ಸೂತ್ರವೂ ಸರಿ ಮಾಡೋದಿಲ್ಲ. ಈ ಸಂಘದವರು ಮಾರ್ಚಿನಲ್ಲಿ ಸರ್ವೆ ಇಟ್ಕೊಂಡಿದ್ರು, ಮಳೆ ಇಲ್ಲ, ತಿರುಗಾಟಕ್ಕೆ ಅನುಕೂಲ ಅಂತ. ಆದ್ರೆ ಮಾರ್ಚಿನಲ್ಲಿ ಮಡಲು ಕಡ್ಡಿ ಎಲ್ಲ ಗರಿಗರಿ ಒಣಗಿರ್ತದೆ, ಬೆಂಕಿಗೆ ಕವರ್ ಬೇಕಂತಲೇ ಇಲ್ಲ, ತೊಳೆದ ಪ್ಯಾಕೆಟೂ ಒಂದೇ ಬಿಸಿಲಿಗೆ ಒಣಗ್ತದೆ. ಜುಲೈಯಲ್ಲಿ ಸೌದೆ ಹಸಿ, ಪ್ಯಾಕೆಟ್ ಮೂರು ದಿನ ಕಳೆದ್ರೂ ಒಣಗೋದಿಲ್ಲ, ಆಗ ಅದು ಒಲೆಗೆ ಹೋಗೋ ಸಾಧ್ಯತೆ ಜಾಸ್ತಿ. ಅದಕ್ಕೆ ನಾನು ಮುನ್ನೂರು ಮನೆಯನ್ನ ಎರಡು ಪಾಲು ಮಾಡ್ಲಿಕ್ಕೆ ಹೇಳಿದೆ, ಆರಿಸಿದ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಮನೆಯ ಹಾಗೆ, 150 ಮಾರ್ಚಿಗೆ, ಉಳಿದ 150 ಜುಲೈಗೆ. ಒಂದೊಂದು ತಿಂಗಳಿನ ಉತ್ತರ ಸುಮಾರು ಒಂಬತ್ತು ಪರ್ಸೆಂಟ್ ಆಚೆ ಈಚೆ ಆಗ್ತದೆ, ಹಾಗಾಗಿ ಎರಡರ ನಡುವೆ ಹನ್ನೆರಡು ಹದಿಮೂರು ಪರ್ಸೆಂಟಿಗಿಂತ ಕಮ್ಮಿ ವ್ಯತ್ಯಾಸ ಬಂದ್ರೆ ಮಳೆಯದ್ದೇ ಕಾರಣ ಅಂತ ಬರೀಲಿಕ್ಕೆ ಆಗೋದಿಲ್ಲ, ರಿಪೋರ್ಟಿನಲ್ಲಿ ಎರಡೂ ತಿಂಗಳಿನ ಸಂಖ್ಯೆ ಬೇರೆ ಬೇರೆ ಕೊಟ್ಟು, ಎಷ್ಟು ಮನೆ ಸಿಕ್ಕಿಲ್ಲ ಅಂತಲೂ ಪಕ್ಕದಲ್ಲೇ ಬರೀಬೇಕು ಅಂತ ಹೇಳಿದ್ದೇನೆ.