ಅತಿಥಿಯ ಪರಿಚಯ ಬರೆಯುವ ಮುನ್ನ ಸಭಿಕರನ್ನು ವಿಚಾರಿಸಿ

ಕಾರ್ಯಕ್ರಮಗಳ ನಿರೂಪಣೆ ಮತ್ತು ನಿರೂಪಕರ ತರಬೇತಿಯೇ ನನ್ನ ವೃತ್ತಿಯಾದ್ದರಿಂದ, ಸಂಘಟಕರಿಂದ ನನಗೆ ಅತಿ ಹೆಚ್ಚಾಗಿ ಬರುವ ಕೋರಿಕೆ ಇದು: ‘ಅತಿಥಿಗಳ ಬಯೋಡೇಟಾ ಕಳುಹಿಸಿದ್ದೇವೆ, ಒಂದು ಒಳ್ಳೆಯ ಪರಿಚಯ ಬರೆದುಕೊಡಿ.’ ಉಪನ್ಯಾಸದ ವಿಷಯವೇನು, ಕೇಳಲು ಬರುವವರು ಯಾರು ಎಂಬ ಮಾತು ಆ ಕೋರಿಕೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಾನು ಅದನ್ನು ಕೇಳಿದರೆ, ‘ಅದೆಲ್ಲ ಆಹ್ವಾನ ಪತ್ರಿಕೆಯಲ್ಲಿದೆಯಲ್ಲ’ ಎಂಬ ಉತ್ತರ ಬರುತ್ತದೆ. ಹೀಗೆ ಸಿದ್ಧವಾದ ಪರಿಚಯದಲ್ಲಿ ಅತಿಥಿ ಹುಟ್ಟಿದ ಊರಿನಿಂದ ಆರಂಭವಾಗಿ, ಓದಿದ ಶಾಲೆ, ಪಡೆದ ಪದವಿ, ವಹಿಸಿಕೊಂಡ ಹುದ್ದೆ, ಸದಸ್ಯತ್ವ ಹೊಂದಿರುವ ಸಮಿತಿಗಳು, ಬಂದ ಪ್ರಶಸ್ತಿಗಳು ಒಂದರ ಹಿಂದೊಂದರಂತೆ ಸಾಗುತ್ತವೆ. ಐದಾರು ನಿಮಿಷಗಳ ನಂತರ ಅತಿಥಿ ಎದ್ದು ನಿಂತಾಗ, ಇಷ್ಟು ದೊಡ್ಡವರು ನಮ್ಮ ಮುಂದೆ ಇಂದು ಏಕೆ ನಿಂತಿದ್ದಾರೆ ಎಂಬುದು ಸಭೆಗೆ ಇನ್ನೂ ತಿಳಿದಿರುವುದಿಲ್ಲ.

ಬಯೋಡೇಟಾದಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಅದು ಆಯ್ಕೆ ಸಮಿತಿಗೆಂದು ಬರೆದದ್ದು. ಈ ವ್ಯಕ್ತಿ ಹುದ್ದೆಗೆ ಅರ್ಹರೇ ಎಂದು ತೀರ್ಮಾನಿಸುವವರಿಗೆ ಪದವಿ, ಅನುಭವ, ಪ್ರಕಟಣೆಗಳ ಪಟ್ಟಿ ಬೇಕಾಗುತ್ತದೆ. ಸಭಿಕರು ಯಾರನ್ನೂ ಆಯ್ಕೆ ಮಾಡಲು ಬಂದವರಲ್ಲ. ಅತಿಥಿಯನ್ನು ಸಂಘಟಕರು ಆಗಲೇ ಆಯ್ಕೆ ಮಾಡಿದ್ದಾಗಿದೆ. ಸಭಿಕರು ತಮ್ಮೊಳಗೇ ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ: ಈ ವಿಷಯಕ್ಕೂ ನನಗೂ ಏನು ಸಂಬಂಧ? ಇದನ್ನು ಈಗಲೇ ಏಕೆ ಕೇಳಬೇಕು? ಇದನ್ನು ಹೇಳಲು ಇವರೇ ಏಕೆ? ಪರಿಚಯ ಈ ಮೂರಕ್ಕೂ ಇದೇ ಅನುಕ್ರಮದಲ್ಲಿ ಉತ್ತರಿಸಬೇಕು. ಅನುಕ್ರಮವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಿಷಯ ತನಗೆ ಬೇಕಾದದ್ದು ಎಂದು ಮನವರಿಕೆಯಾದ ಮೇಲೆಯೇ ಅದನ್ನು ಬಲ್ಲವರ ಬಗ್ಗೆ ಕೇಳುಗನಿಗೆ ಕುತೂಹಲ ಹುಟ್ಟುತ್ತದೆ.

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದು ಮೇ ತಿಂಗಳಲ್ಲಿ ಎಲೆಚುಕ್ಕೆ ರೋಗದ ಬಗ್ಗೆ ಉಪನ್ಯಾಸ ಏರ್ಪಡಿಸಿತ್ತು. ಉಪನ್ಯಾಸಕರು ಒಬ್ಬ ಸಸ್ಯರೋಗ ವಿಜ್ಞಾನಿ. ಸಂಘದ ಕಾರ್ಯದರ್ಶಿಗಳು ಕಳುಹಿಸಿದ ಸ್ವವಿವರದಲ್ಲಿ ವಿದೇಶಿ ವಿಶ್ವವಿದ್ಯಾಲಯದ ತರಬೇತಿಯಿಂದ ಹಿಡಿದು ಸಂಶೋಧನಾ ಪತ್ರಿಕೆಗಳ ಸಂಪಾದಕ ಮಂಡಳಿಯವರೆಗೆ ಎಲ್ಲವೂ ಇತ್ತು. ಅಡಿಕೆ ಎಂಬ ಪದ ಕಾಣಿಸಿದ್ದು ಎರಡನೆಯ ಪುಟದ ಕೊನೆಯಲ್ಲಿ. ನಾನು ಆ ಹಾಳೆಗಳನ್ನು ಬದಿಗಿಟ್ಟು ಕಾರ್ಯದರ್ಶಿಗಳಿಗೆ ಫೋನು ಮಾಡಿ, ಈ ರೋಗದ ವಿಚಾರವಾಗಿ ಸದಸ್ಯರು ಸಂಘದ ಕೌಂಟರಿನಲ್ಲಿ ನಿಂತು ಏನು ಮಾತನಾಡುತ್ತಾರೆ ಎಂದು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಕೊಳೆಗೆ ಹೊಡೆದ ಹಾಗೆ ಇದಕ್ಕೂ ಬೋರ್ಡೋ ಹೊಡೆದೆವು, ಎಲೆ ಒಣಗುವುದು ನಿಲ್ಲಲಿಲ್ಲ ಅನ್ನುತ್ತಾರೆ ಸರ್. ವಿಜ್ಞಾನಿಗಳು ಬಂದು ಎಲೆ ಕಿತ್ತುಕೊಂಡು ಹೋಗುತ್ತಾರೆ, ಆಮೇಲೆ ಸುದ್ದಿಯೇ ಇಲ್ಲ ಎಂದೂ ಅನ್ನುತ್ತಾರೆ.’

ಪರಿಚಯಕ್ಕೆ ಬೇಕಾದದ್ದು ಬಹುಪಾಲು ಈ ಎರಡು ಮಾತುಗಳಲ್ಲೇ ಇತ್ತು. ಹೊರಗಿನವರಿಗೆ ಮೊದಲನೆಯದು ಅರ್ಥವಾಗಲೆಂದು ಸ್ವಲ್ಪ ವಿವರಿಸುತ್ತೇನೆ. ಕೊಳೆರೋಗ ಅಡಿಕೆಯ ಕೊನೆಗಳಿಗೆ, ಅಂದರೆ ಕಾಯಿಗೊಂಚಲುಗಳಿಗೆ, ತಗಲುವ ಹಳೆಯ ಪೀಡೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ತಯಾರಿಸುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಹೊತ್ತಿಗೆ ಕೊನೆಗಳಿಗೆ ಸಿಂಪಡಿಸುವುದು ಬೆಳೆಗಾರರಿಗೆ ತಲೆಮಾರುಗಳಿಂದ ಗೊತ್ತಿರುವ ಕೆಲಸ. ಎಲೆಚುಕ್ಕೆ ರೋಗದ ಕಾರಕ ಬೇರೆ, ಅದು ತಗಲುವುದು ಸೋಗೆಗೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳಲ್ಲಿ ಈಚಿನ ವರ್ಷಗಳಲ್ಲಿ ಅದು ತೀವ್ರವಾಗಿ ಹಬ್ಬಿದಾಗ, ಬೆಳೆಗಾರರು ಗೊತ್ತಿದ್ದ ಮದ್ದನ್ನೇ ಗೊತ್ತಿದ್ದ ರೀತಿಯಲ್ಲಿ ಬಳಸಿ ನೋಡಿದ್ದು ಸಹಜವೇ ಆಗಿತ್ತು. ಆದ್ದರಿಂದ ಆ ಸಭೆಗೆ ಬರುವವರು ವಿಷಯ ತಿಳಿಯದವರಲ್ಲ. ದುಡ್ಡು ಕಳೆದುಕೊಂಡು ಅನುಮಾನ ಹೊತ್ತು ಬರುವವರು. ಅಂಥವರ ಮುಂದೆ ವಿದೇಶಿ ತರಬೇತಿಯನ್ನು ಓದಿದರೆ, ಪ್ರಯೋಗಾಲಯದವರಿಗೆ ತೋಟ ತಿಳಿಯದು ಎಂಬ ಅವರ ಅನುಮಾನವನ್ನು ನಾವೇ ಗಟ್ಟಿ ಮಾಡಿಕೊಟ್ಟಂತಾಗುತ್ತದೆ.

ಎರಡನೆಯ ಫೋನು ವಿಜ್ಞಾನಿಗೆ. ಅವರ ಸಾಧನೆಯ ಬಗ್ಗೆ ನಾನು ಏನನ್ನೂ ಕೇಳಲಿಲ್ಲ. ಈ ತಾಲ್ಲೂಕಿಗೂ ನಿಮಗೂ ಏನು ನಂಟು, ನಿಮ್ಮ ಮಾತು ಮುಗಿದ ಮೇಲೆ ಬೆಳೆಗಾರ ಏನನ್ನು ತೀರ್ಮಾನಿಸಲು ಶಕ್ತನಾಗಬೇಕು, ನಾನು ಏನನ್ನು ಹೇಳಬಾರದು ಎಂದು ಕೇಳಿದೆ. ಅವರು ಮೂರು ಮಳೆಗಾಲ ಆ ಸೀಮೆಯ ಕೆಲವು ತೋಟಗಳಲ್ಲಿ ಮರಗಳಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ಬಂದು ಅವೇ ಮರಗಳನ್ನು ನೋಡಿದ್ದರು. ಸ್ವವಿವರದಲ್ಲಿ ಇದು ಒಂದು ಸಂಶೋಧನಾ ಯೋಜನೆಯ ಹೆಸರಾಗಿ ಅಡಗಿತ್ತು. ರೋಗ ಹಿಡಿದ ಸೋಗೆಗಳನ್ನು ತೆಗೆದು ನಾಶಮಾಡುವ ಕೆಲಸವನ್ನು ಅಕ್ಕಪಕ್ಕದ ತೋಟದವರು ಒಟ್ಟಾಗಿ ಮಾಡದಿದ್ದರೆ ಒಬ್ಬರ ಶ್ರಮ ವ್ಯರ್ಥವಾಗುತ್ತದೆ, ಏಕೆಂದರೆ ಗಾಳಿ ಮಳೆಗೆ ಶಿಲೀಂಧ್ರದ ಕಣಗಳು ಬೇಲಿ ದಾಟುತ್ತವೆ ಎಂಬುದು ಅವರ ಉಪನ್ಯಾಸದ ತಿರುಳು. ಇದನ್ನು ಪರಿಚಯದಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಆಸೆಯಿತ್ತು. ನಾನು ಒಪ್ಪಲಿಲ್ಲ. ಅತಿಥಿ ಹೇಳಬೇಕಾದ ಉತ್ತರವನ್ನು ನಿರೂಪಕ ಮೊದಲೇ ಹೇಳಿಬಿಟ್ಟರೆ ಅವರ ಮಾತಿನ ಕಸುವು ಹೋಗುತ್ತದೆ. ಪ್ರಶ್ನೆಯನ್ನು ಸರಿಯಾಗಿ ಎತ್ತಿಕೊಡುವಲ್ಲಿಗೆ ಪರಿಚಯದ ಕೆಲಸ ಮುಗಿಯಿತು. ಕೊನೆಗೆ ಸಿದ್ಧವಾದ ಬರಹ ಹೀಗಿತ್ತು:

‘ಎಲೆಚುಕ್ಕೆ ರೋಗ ಬಂದ ಮೇಲೆ ನಮ್ಮ ಸಂಘದ ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವ ಪ್ರಶ್ನೆ ಒಂದೇ: ಬೋರ್ಡೋ ಹೊಡೆದರೂ ಎಲೆ ಒಣಗುವುದು ಏಕೆ ನಿಲ್ಲುತ್ತಿಲ್ಲ? ಮಳೆಗಾಲ ಹತ್ತಿರ ಬಂದಿದೆ. ಈ ವರ್ಷ ಮದ್ದಿಗೆ, ಆಳಿಗೆ ಮತ್ತೆ ದುಡ್ಡು ಹಾಕಬೇಕೇ, ಹಾಕುವುದಾದರೆ ಯಾವಾಗ, ಯಾವುದಕ್ಕೆ ಎಂದು ಇನ್ನು ಕೆಲವೇ ದಿನಗಳಲ್ಲಿ ನಾವು ತೀರ್ಮಾನಿಸಬೇಕಾಗಿದೆ. ಇಂದಿನ ಉಪನ್ಯಾಸ ಆ ತೀರ್ಮಾನದ ಕುರಿತಾದದ್ದು. ಮಾತನಾಡಲಿರುವವರು ಸಸ್ಯರೋಗ ವಿಜ್ಞಾನಿ. ಮೂರು ಮಳೆಗಾಲ ನಮ್ಮ ಸುತ್ತಲಿನ ತೋಟಗಳಲ್ಲಿ ಅವೇ ಮರಗಳನ್ನು ತಿಂಗಳು ತಿಂಗಳೂ ಬಂದು ನೋಡಿದ್ದಾರೆ. ಆ ತೋಟಗಳವರಲ್ಲಿ ಕೆಲವರು ಇಲ್ಲೇ ಕುಳಿತಿದ್ದೀರಿ. ಯಾವುದು ಫಲ ಕೊಟ್ಟಿತು ಎಂಬುದರ ಜೊತೆಗೆ ಯಾವುದು ಕೊಡಲಿಲ್ಲ ಎಂಬುದನ್ನೂ ಹೇಳಲು ಅವರು ಒಪ್ಪಿದ್ದಾರೆ.’ ಇದಾದ ಮೇಲೆ ಅವರ ಹೆಸರು, ಚಪ್ಪಾಳೆ.

ಇದನ್ನು ನಿಧಾನವಾಗಿ ಓದಿದರೂ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಕ್ಕಾಲು ಗಂಟೆಯ ಉಪನ್ಯಾಸಕ್ಕೆ ಎರಡು ನಿಮಿಷ ಮೀರಿದ ಪರಿಚಯದ ಅಗತ್ಯ ನನಗೆ ಅಪರೂಪಕ್ಕೆ ಮಾತ್ರ ಕಂಡಿದೆ. ಹೆಸರನ್ನು ಕೊನೆಗೆ ಇಟ್ಟಿರುವುದು ನಾಟಕೀಯತೆಗಾಗಿ ಅಲ್ಲ. ಹೆಸರು ಮೊದಲೇ ಬಂದರೆ ಸಭೆ ಅತಿಥಿಯನ್ನು ನೋಡತೊಡಗುತ್ತದೆ, ಅತಿಥಿ ಏಳಬೇಕೋ ಕೂರಬೇಕೋ ಎಂದು ಗೊಂದಲಕ್ಕೊಳಗಾಗುತ್ತಾರೆ, ಆಮೇಲಿನ ಮಾತುಗಳು ಯಾರ ಕಿವಿಗೂ ಬೀಳುವುದಿಲ್ಲ. ಹೆಸರಿನ ಉಚ್ಚಾರ, ಇನಿಷಿಯಲ್‌ಗಳ ಅನುಕ್ರಮವನ್ನು ಅವರಿಂದಲೇ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಬೇರೆಯಾಗಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

ಎಷ್ಟು ಸಲ ಹೇಳಿದರೂ ಸಂಘಟಕರ ಮನಸ್ಸಿಗೆ ಇಳಿಯದ ಸಂಗತಿಗೆ ಈಗ ಬರುತ್ತೇನೆ. ‘ಪ್ರಶಸ್ತಿಗಳನ್ನು ಬಿಟ್ಟರೆ ಅವರಿಗೆ ಅಗೌರವವಾಗುವುದಿಲ್ಲವೇ?’ ಈ ಭಯ ಹುಟ್ಟುವುದು ಒಳ್ಳೆಯ ಮನಸ್ಸಿನಿಂದಲೇ, ಆದ್ದರಿಂದ ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆದರೆ ಅದರ ಮೂಲದಲ್ಲಿ ಒಂದು ಗೊಂದಲವಿದೆ. ನಮ್ಮ ಸಭೆಗಳಲ್ಲಿ ಪರಿಚಯ ಮತ್ತು ಸನ್ಮಾನ ಒಂದರೊಳಗೊಂದು ಬೆರೆತುಹೋಗಿವೆ. ಸನ್ಮಾನದಲ್ಲಿ ವ್ಯಕ್ತಿಯ ಬದುಕೇ ವಿಷಯ. ಅಲ್ಲಿ ಓದುವ ಅಭಿನಂದನಾ ಪತ್ರದಲ್ಲಿ ಸಾಧನೆಗಳು ವಿವರವಾಗಿ ಬರಲೇಬೇಕು, ಬಾರದಿದ್ದರೆ ಅದು ನಿಜಕ್ಕೂ ಅಗೌರವ. ಉಪನ್ಯಾಸದಲ್ಲಿ ಎಲೆಚುಕ್ಕೆ ರೋಗ ವಿಷಯ. ಅಲ್ಲಿ ಅತಿಥಿಗೆ ಸಲ್ಲಿಸಬಹುದಾದ ಗೌರವವೆಂದರೆ ಅವರ ಮಾತಿಗೆ ಕಿವಿಗೊಡಲು ಸಿದ್ಧವಾದ ಸಭೆ. ಪದವಿಗಳನ್ನೆಲ್ಲ ಓದಿ ಸಭೆಯನ್ನು ದಣಿಸಿ ಅವರ ಕೈಗೊಪ್ಪಿಸುವುದು ಗೌರವವಾಗಲಾರದು. ಪಟ್ಟಿಯನ್ನು ಬಿಸಾಡಬೇಕಿಲ್ಲ: ಆಹ್ವಾನ ಪತ್ರಿಕೆಯ ಒಳಪುಟದಲ್ಲಿ ಮುದ್ರಿಸಿ, ಬಾಗಿಲಲ್ಲಿ ಒಂದು ಹಾಳೆಯಾಗಿ ಹಂಚಿ. ಬರೆದ ಪರಿಚಯವನ್ನು ಕಾರ್ಯಕ್ರಮಕ್ಕೆ ಒಂದೆರಡು ದಿನ ಮೊದಲು ಅತಿಥಿಗೇ ಓದಿ ಹೇಳಿ. ಈ ವಿಜ್ಞಾನಿಗೆ ನಾನು ಓದಿ ಹೇಳಿದಾಗ ಅವರು ಕೇಳಿದ ತಿದ್ದುಪಡಿ ಒಂದೇ: ಮೊದಲ ಕರಡಿನಲ್ಲಿದ್ದ ‘ಪರಿಹಾರ ಹೇಳಲಿದ್ದಾರೆ’ ಎಂಬ ಮಾತನ್ನು ತೆಗೆಯಿರಿ, ಪೂರ್ಣ ಪರಿಹಾರ ಇನ್ನೂ ಯಾರ ಬಳಿಯೂ ಇಲ್ಲ ಎಂದರು. ಅತಿಥಿಯ ಪರವಾಗಿ ನಾವು ಭರವಸೆ ಕೊಡುವುದು ಎಷ್ಟು ಅಪಾಯಕಾರಿ ಎಂಬುದು ಅಂಥ ಪ್ರಾಮಾಣಿಕರ ಬಾಯಿಂದ ಬಂದಾಗ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲ ಸಭೆಗೂ ಇದು ಹೀಗೇ ಹೊಂದುತ್ತದೆ ಎನ್ನಲಾರೆ. ಸರ್ಕಾರಿ ಸಮಾರಂಭಗಳಲ್ಲಿ ಶಿಷ್ಟಾಚಾರದ ಪ್ರಕಾರ ಹುದ್ದೆಗಳನ್ನು ಹೇಳಲೇಬೇಕು. ದತ್ತಿ ಉಪನ್ಯಾಸಗಳಲ್ಲಿ ದತ್ತಿ ಇಟ್ಟವರ ಸ್ಮರಣೆಗೆ ಸ್ಥಳವಿರಬೇಕು. ಒಂದು ಪದವಿಯೋ ಹುದ್ದೆಯೋ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದರೆ ಅದನ್ನು ಬಿಡುವುದೇ ತಪ್ಪು. ಔಷಧದ ಬಗ್ಗೆ ಮಾತನಾಡುವವರು ವೈದ್ಯರೋ ಅಲ್ಲವೋ ಎಂಬುದು ಕೇಳುಗರಿಗೆ ತಿಳಿದಿರಲೇಬೇಕು.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ನನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಅದೇ ಪರಿಚಯವನ್ನು ಒಂದು ಅಕ್ಷರವೂ ಬದಲಿಸದೆ ಬೇರೊಂದು ಊರಿನ ಕಾಲೇಜು ವಾರ್ಷಿಕೋತ್ಸವದಲ್ಲಿ ಓದಲು ಸಾಧ್ಯವಾದರೆ, ಅದನ್ನು ನೀವು ಈ ಸಭೆಗಾಗಿ ಬರೆದಿಲ್ಲ. ವೇದಿಕೆಯ ಮೇಲೆ ಗೊತ್ತಾಗುವ ಲಕ್ಷಣ ಇನ್ನೊಂದಿದೆ. ಅತಿಥಿ ತಮ್ಮ ಮೊದಲ ಐದು ನಿಮಿಷಗಳನ್ನು ‘ಈ ವಿಷಯ ಏಕೆ ಮುಖ್ಯವೆಂದರೆ’ ಎಂದು ವಿವರಿಸಲು ಬಳಸಿದರೆ, ನಾವು ಮಾಡದೆ ಬಿಟ್ಟ ಕೆಲಸವನ್ನು ಅವರು ಮಾಡುತ್ತಿದ್ದಾರೆ ಎಂದು ತಿಳಿಯಬೇಕು. ಅಡಿಕೆ ಬೆಳೆಗಾರರ ಆ ಸಭೆಯಲ್ಲಿ ವಿಜ್ಞಾನಿ ನಮಸ್ಕರಿಸಿದವರೇ, ಕೊಳೆ ತಗಲಿದ ಅಡಿಕೆ ಕೊನೆಯ ಚಿತ್ರವನ್ನೂ ಚುಕ್ಕೆ ಬಿದ್ದ ಸೋಗೆಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ ತೋರಿಸಿ ನೇರವಾಗಿ ವಿಷಯಕ್ಕೆ ಇಳಿದರು.

ಪರಿಚಯವನ್ನು ಯಾರು ಓದಬೇಕು ಎಂಬುದನ್ನೂ ಯೋಚಿಸಬೇಕು. ಅಂದು ಅದನ್ನು ನಾನು ಓದಲಿಲ್ಲ. ಸಂಘದ ನಿರ್ದೇಶಕರಲ್ಲಿ ಒಬ್ಬರು, ತಾವೂ ಎಲೆಚುಕ್ಕೆಯಿಂದ ಫಸಲು ಕಳೆದುಕೊಂಡವರು, ಓದಿದರು. ‘ನಮ್ಮ ಸುತ್ತಲಿನ ತೋಟಗಳಲ್ಲಿ’ ಎಂಬ ಮಾತು ಅವರ ಬಾಯಲ್ಲಿ ಸತ್ಯವಾಗಿತ್ತು.

ಇಷ್ಟೆಲ್ಲ ಸಿದ್ಧತೆಗೆ ಸಮಯವೇ ಸಿಗದೆ, ಕಾರ್ಯಕ್ರಮಕ್ಕೆ ಹತ್ತು ನಿಮಿಷವಿರುವಾಗ ಬಯೋಡೇಟಾ ಕೈಗೆ ಬರುವ ಸಂದರ್ಭಗಳೂ ಇರುತ್ತವೆ. ಆಗ ಆ ಹಾಳೆಯನ್ನು ಮಡಚಿಟ್ಟು, ಉಪಾಹಾರದ ಕೋಣೆಯಲ್ಲಿ ಕುಳಿತಿರುವ ಅತಿಥಿಯನ್ನು ‘ಈ ಸಭೆಗೆ ನೀವು ಮುಖ್ಯವಾಗಿ ಏನು ಹೇಳಬೇಕೆಂದಿದ್ದೀರಿ, ಈ ವಿಷಯಕ್ಕೆ ನೀವು ಬಂದದ್ದು ಹೇಗೆ’ ಎಂದು ಕೇಳಿ. ಬಂದ ಉತ್ತರದಲ್ಲಿ ಸಭಿಕರಿಗೆ ಹತ್ತಿರವಾದ ಎರಡು ವಾಕ್ಯಗಳನ್ನು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡು, ಹೇಳಬಹುದೇ ಎಂದು ಅವರ ಒಪ್ಪಿಗೆ ಪಡೆದು, ಅಷ್ಟನ್ನೇ ಹೇಳಿ ಮೈಕನ್ನು ಅವರಿಗೆ ಬಿಟ್ಟುಕೊಡಿ.