ಸತ್ತ ಬೆಕ್ಕು ಎಷ್ಟು ಎತ್ತರ ಪುಟಿದರೇನು?

ಶೇರು ಮಾರುಕಟ್ಟೆ ಜೋರಾಗಿ ಕುಸಿದು ಶೇಕಡಾ 20 ಮೇಲೆದ್ದ ಕೂಡಲೇ "ಇಷ್ಟು ಏರಿದೆ ಅಂದ್ಮೇಲೆ ಕೆಟ್ಟ ಕಾಲ ಮುಗೀತು" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಈ ಲೆಕ್ಕ ನನಗೆ ಸಿಟ್ಟು ತರಿಸುತ್ತದೆ. 1929ರ ನವೆಂಬರ್‌ನಲ್ಲಿ ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 198ಕ್ಕೆ ಬಿದ್ದು, 1930ರ ಏಪ್ರಿಲ್ ಹೊತ್ತಿಗೆ 294ಕ್ಕೆ ಬಂತು. ಅಂದರೆ ಶೇಕಡಾ 48 ಏರಿಕೆ. ಆಮೇಲೆ 1932ರ ಜುಲೈನಲ್ಲಿ ಅದು 41ಕ್ಕೆ ಇಳಿಯಿತು. ತುಂಬಾ ಎತ್ತರದಿಂದ ಬಿದ್ದರೆ ಸತ್ತ ಬೆಕ್ಕೂ ಪುಟಿಯುತ್ತದೆ ಅನ್ನುವ ಕ್ರೂರ ತಮಾಷೆ ಇಂಥದ್ದಕ್ಕೇ ಹೇಳಿದ್ದು.

ಹಾಗಾದರೆ ಪುಟಿಯೋದು ಯಾಕೆ? ಶಾರ್ಟ್ ಮಾಡಿದವರನ್ನು, ಅಂದರೆ ಶೇರು ಎರವಲು ತಂದು ಮಾರಿದವರನ್ನು ನೋಡಿ. ನೀವು ಪಕ್ಕದವರ ಸೈಕಲ್ ಎರವಲು ತಂದು ಮಾರಿಬಿಟ್ಟಿದ್ದೀರಿ ಅಂದುಕೊಳ್ಳಿ. ಬೆಲೆ ಇಳಿದ ಮೇಲೆ ಅಂಥದ್ದೇ ಒಂದನ್ನು ಅಗ್ಗಕ್ಕೆ ಕೊಂಡು ವಾಪಸ್ ಕೊಡೋದು ನಿಮ್ಮ ಲೆಕ್ಕಾಚಾರ. ಅಷ್ಟರಲ್ಲಿ ಬೆಲೆ ಏರತೊಡಗಿದರೆ ಇಷ್ಟ ಇದ್ದರೂ ಇಲ್ಲದಿದ್ದರೂ ಓಡಿಹೋಗಿ ಕೊಳ್ಳಲೇಬೇಕು. ಹೀಗೆ ಕೊಳ್ಳುವವರು ನೂರಾರು ಜನ ಆದರೆ ಬೆಲೆ ಇನ್ನೂ ಏರುತ್ತದೆ, ಅದನ್ನು ನೋಡಿ ಉಳಿದವರೂ ಓಡುತ್ತಾರೆ. ಇದು ಸಾಲ ತೀರಿಸುವ ಖರೀದಿ. ಸಾಲ ತೀರಿದ ಮೇಲೆ ಆ ಮನುಷ್ಯ ಮತ್ತೆ ಅಂಗಡಿ ಕಡೆ ತಲೆ ಹಾಕೋದಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ: ಮೊದಲು ನೀರು ಧಾರೆಯಾಗಿ ಬರುತ್ತದೆ, ಆಮೇಲೆ ಹನಿ, ಆಮೇಲೆ ಏನೂ ಇಲ್ಲ.

ಈಗ ವಾಲ್ಯೂಮ್‌ಗೆ, ಅಂದರೆ ಎಷ್ಟು ಶೇರು ಕೈಬದಲಾಯಿತು ಅನ್ನುವ ಲೆಕ್ಕಕ್ಕೆ ಬರೋಣ. "ಕೊಳ್ಳುವವರು ಜಾಸ್ತಿ, ಮಾರುವವರು ಕಮ್ಮಿ" ಅನ್ನೋದು ತಪ್ಪು ಮಾತು. ಪ್ರತಿ ಕೊಂಡ ಶೇರಿಗೂ ಮಾರಿದವನೊಬ್ಬ ಇದ್ದೇ ಇರುತ್ತಾನೆ ಅಲ್ವಾ? ಕುಸಿತದಲ್ಲಿ ಸಿಕ್ಕಿಹಾಕಿಕೊಂಡವರು "ಅಸಲು ಬಂದರೆ ಸಾಕು, ಹೊರಗೆ ಹೋಗ್ತೀನಿ" ಅಂತ ಮೇಲೆ ಕಾಯುತ್ತಿರುತ್ತಾರೆ. ಬೆಲೆ ಅವರ ಹತ್ತಿರ ಬಂದಾಗ ಅವರು ಮಾರುತ್ತಾರೆ. ಅಷ್ಟೂ ಮಾಲನ್ನು ಯಾರೋ ನುಂಗಿ, ಬೆಲೆಯೂ ಇಳಿಯದೆ ನಿಂತರೆ, ವಾಲ್ಯೂಮ್ ದೊಡ್ಡದಾಗಿ ಕಾಣುತ್ತದೆ. ಅದು ಒಳ್ಳೆಯ ಲಕ್ಷಣ. ಬೆಲೆ ಏರುತ್ತಾ ವಾಲ್ಯೂಮ್ ಸೊರಗಿದರೆ ಅನುಮಾನ ಪಡಬೇಕು, ಆ ಮಾಲು ಇನ್ನೂ ಮೇಲೆಯೇ ಕೂತಿದೆ.

ಆದರೆ ವಾಲ್ಯೂಮ್ ಒಂದನ್ನೇ ನಂಬಿದವರು 2009ರಲ್ಲಿ ಕೆಟ್ಟರು. ಅಮೆರಿಕದ ಇನ್ನೊಂದು ಸೂಚ್ಯಂಕ ಎಸ್ ಆಂಡ್ ಪಿ 500 ಅನ್ನೇ ನೋಡಿ. 2008ರ ನವೆಂಬರ್ 20ಕ್ಕೆ ಅದು 752ರಲ್ಲಿತ್ತು, ಜನವರಿ 6ಕ್ಕೆ 934 ಮುಟ್ಟಿತು. ಏರಿಕೆಯ ಕೊನೆಯ ಭಾಗ ವರ್ಷಾಂತ್ಯದ ರಜೆಯ ದಿನಗಳ ಬಡಕಲು ವಾಲ್ಯೂಮ್‌ನಲ್ಲೇ ನಡೆಯಿತು. ಇನ್ನೊಂದು ಮುಖ್ಯ ವಿಷಯ: ನವೆಂಬರ್ 4ರ ಎತ್ತರ 1005 ಆಗಿತ್ತು, ಅದನ್ನು ದಾಟಲೇ ಇಲ್ಲ. ಹಿಂದಿನ ದಿಬ್ಬಕ್ಕಿಂತ ಈ ದಿಬ್ಬ ಚಿಕ್ಕದು. ಮಾರ್ಚ್ 9ಕ್ಕೆ ಸೂಚ್ಯಂಕ 676ಕ್ಕೆ ಬಂತು, ಅಂದರೆ ಹಿಂದಿನ ತಗ್ಗಿಗಿಂತ ಈ ತಗ್ಗು ಆಳ. ಬೆಕ್ಕು ಸತ್ತೇ ಇತ್ತು.

ಅಲ್ಲಿಂದ ಮತ್ತೆ ಏರಿತು. ಮಾರ್ಚ್‌ನಲ್ಲಿ ವಾಲ್ಯೂಮ್ ದಪ್ಪಗಿತ್ತು, ಬೇಸಿಗೆ ಹೊತ್ತಿಗೆ ಸೊರಗಿತು. ಅದನ್ನು ನೋಡಿ ಎಷ್ಟೋ ಜನ "ಇದೂ ಅದೇ ಬೆಕ್ಕು" ಅಂದರು. ಆದರೆ ಚಾರ್ಟಿನ ಆಕಾರ ಬೇರೆಯೇ ಕಥೆ ಹೇಳುತ್ತಿತ್ತು. ಜೂನ್ 12ಕ್ಕೆ 946, ಅಂದರೆ ಜನವರಿಯ ದಿಬ್ಬವನ್ನು ಕೂದಲೆಳೆಯಷ್ಟು ದಾಟಿತ್ತು. ಇಷ್ಟಕ್ಕೆ ನಾನಂತೂ ಕುಣಿಯುತ್ತಿರಲಿಲ್ಲ. ನೋಡಬೇಕಾದ್ದು ಆಮೇಲಿನ ಇಳಿತವನ್ನು. ಜುಲೈ 10ಕ್ಕೆ 879ಕ್ಕೆ ಬಂದು ನಿಂತಿತು, 676ರ ಹತ್ತಿರಕ್ಕೂ ಹೋಗಲಿಲ್ಲ. ಕಾಯುತ್ತಿದ್ದವರು ಮಾರಿ ಮುಗಿಸಿದ್ದರು, ಕಮ್ಮಿ ವಾಲ್ಯೂಮ್‌ಗೆ ಅದೂ ಒಂದು ಅರ್ಥ ಇರಬಹುದು. ಜುಲೈ 23ಕ್ಕೆ 976. ತಗ್ಗು ಮೇಲೆ ಬಂತು, ದಿಬ್ಬವೂ ಎತ್ತರವಾಯಿತು.

ಹೀಗೆ ಖಾತ್ರಿಗೆ ಕಾಯೋದಕ್ಕೆ ಬೆಲೆ ತೆರಬೇಕು. 976ರಲ್ಲಿ ಖಾತ್ರಿ ಆಯಿತು ಅಂದರೆ ತಳದಿಂದ ಆಗಲೇ ಶೇಕಡಾ 44 ಕೈತಪ್ಪಿತ್ತು. ತಳ ಹಿಡೀತೀನಿ ಅನ್ನುವವರಿಗೆ ಇದು ಸಹಿಸಲಾಗದ ಮಾತು.

ಇನ್ನೂ ಕಹಿ ವಿಷಯ ಏನಂದರೆ ಆಕಾರವೂ ಮೋಸ ಮಾಡುತ್ತದೆ. 1930ರ ಆ ಏರಿಕೆ 1929ರ ಅಕ್ಟೋಬರ್ ಕೊನೆಯ 273ರ ದಿಬ್ಬವನ್ನು ದಾಟಿಯೇ 294ಕ್ಕೆ ಹೋಗಿತ್ತು. ಹತ್ತುವಾಗ ಅದನ್ನು ಗುರುತಿಸಲು ದಾರಿ ಇರಲಿಲ್ಲ. ಇಳಿಯುವಾಗ ಇತ್ತು: ಜೂನ್ ಕೊನೆಗೆ ಸೂಚ್ಯಂಕ 212ರ ಹತ್ತಿರ ಬಂದಾಗ, ನವೆಂಬರ್‌ನ ತಳವೊಂದನ್ನು ಬಿಟ್ಟು ದಾರಿಯ ತಗ್ಗುಗಳೆಲ್ಲ ಒಡೆದುಹೋಗಿದ್ದವು. 2009ರಲ್ಲಿ 879 ಒಡೆದಿದ್ದರೆ ನಾನೂ ಅದೇ ತೀರ್ಪು ಕೊಡುತ್ತಿದ್ದೆ. ಅದು ಒಡೆಯಲಿಲ್ಲ.