ನೈದಾನಿಕ ಪ್ರಶ್ನೆ: ಒಂದನೇ ಕ್ಲಾಸಿನ ಮಗು = ಚಿಹ್ನೆಯನ್ನು ಹೇಗೆ ಓದುತ್ತದೆ?

ಮಗುವಿಗೆ ಲೆಕ್ಕ ಬರುತ್ತದೋ ಇಲ್ಲವೋ ಅಂತ ನೋಡುವುದು ಸಾಮಾನ್ಯ ಪರೀಕ್ಷೆಯ ಪ್ರಶ್ನೆ. ನೈದಾನಿಕ ಪ್ರಶ್ನೆಯ ಕೆಲಸ ಬೇರೆ. ಉತ್ತರ ತಪ್ಪಾದರೆ, ಮಗು ಏನು ಅಂದುಕೊಂಡು ಆ ಉತ್ತರ ಬರೆಯಿತು ಅನ್ನುವುದು ಆ ತಪ್ಪಿನಿಂದಲೇ ಗೊತ್ತಾಗಬೇಕು. ಇಂಥ ಪ್ರಶ್ನೆ ತುಂಬಾ ಬೇಕಾಗುವ ಒಂದು ಜಾಗ ಸಮ ಚಿಹ್ನೆ, ಅಂದರೆ =.

ಮೊದಲು ಸಮಸ್ಯೆ ಏನು ಅಂತ ನೋಡೋಣ. = ಅಂದರೆ ಎಡಗಡೆ ಇರುವುದೂ ಬಲಗಡೆ ಇರುವುದೂ ಒಂದೇ ಬೆಲೆಯವು ಅಂತ. ಆದರೆ ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು ಅದನ್ನು "ಈಗ ಉತ್ತರ ಬರಿ" ಅನ್ನುವ ಸೂಚನೆ ಅಂತ ಓದುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ಕಂಡ ಲೆಕ್ಕಗಳೆಲ್ಲ ಹೆಚ್ಚುಕಡಿಮೆ 5 + 3 = □ ಅನ್ನುವ ರೂಪದಲ್ಲೇ ಇರುತ್ತವೆ. ಎಡಗಡೆ ಕೆಲಸ, ಬಲಗಡೆ ಉತ್ತರ. ಈ ರೂಪದ ಲೆಕ್ಕ ನೂರು ಕೊಟ್ಟರೂ ತಪ್ಪು ತಿಳಿವಳಿಕೆ ಹೊರಗೆ ಬರುವುದಿಲ್ಲ. ಎರಡು ಥರ ಓದುವ ಮಕ್ಕಳೂ 8 ಅಂತಲೇ ಬರೆಯುತ್ತಾರೆ, ಅಲ್ವಾ?

ಹಾಗಾಗಿ ಎರಡು ಓದಿಗೂ ಬೇರೆ ಬೇರೆ ಉತ್ತರ ಬರುವ ಪ್ರಶ್ನೆ ಬೇಕು. ಅಮೆರಿಕದ ಗಣಿತ ಶಿಕ್ಷಣ ಸಂಶೋಧಕ ಥಾಮಸ್ ಕಾರ್ಪೆಂಟರ್ ಮತ್ತು ಅವರ ಸಂಗಡಿಗರು ಪ್ರಸಿದ್ಧಗೊಳಿಸಿದ ಪ್ರಶ್ನೆ ಇದು:

8 + 4 = □ + 5

ಸರಿ ಉತ್ತರ 7. ಅವರು ಕೇಳಿದ ಒಂದು ಮತ್ತು ಎರಡನೇ ತರಗತಿಯ ಮಕ್ಕಳಲ್ಲಿ 7 ಬರೆದವರು ನೂರಕ್ಕೆ 5 ಮಂದಿ. 12 ಬರೆದವರು 58, 17 ಬರೆದವರು 13. ದೊಡ್ಡ ತರಗತಿಗೆ ಹೋದರೆ ತಾನಾಗೇ ಸರಿಹೋಗುತ್ತದೆ ಅಂತಲೂ ಇಲ್ಲ. ಅದೇ ತಂಡದ 1999ರ ವರದಿಯಲ್ಲಿ, ಆರನೇ ತರಗತಿಯ 145 ಮಕ್ಕಳಲ್ಲಿ ಒಬ್ಬರೂ 7 ಬರೆದಿರಲಿಲ್ಲ.

ಒಂದನೇ ಕ್ಲಾಸಿಗೆ ಇದನ್ನು ಇನ್ನೂ ಸಣ್ಣ ಅಂಕಿಗಳಲ್ಲಿ ಕೇಳಬಹುದು: 5 + 3 = □ + 2. ಮಗು 8 ಬರೆದರೆ, = ಕಂಡ ಕೂಡಲೇ ಉತ್ತರ ಬರೆಯಬೇಕು ಅಂದುಕೊಂಡಿದೆ. ಕೊನೆಯ + 2 ಅದರ ಕಣ್ಣಿಗೆ ಬಿದ್ದೇ ಇಲ್ಲ, ಇಲ್ಲವೇ ಬಿದ್ದರೂ ಅದನ್ನು ಏನು ಮಾಡಬೇಕು ಅಂತ ಗೊತ್ತಾಗಿಲ್ಲ. ಕೆಲವರು 8 ಬರೆದು ಅಷ್ಟಕ್ಕೇ ನಿಲ್ಲದೆ, 2ರ ಪಕ್ಕ ತಾವೇ ಇನ್ನೊಂದು = ಹಾಕಿ 10 ಅಂತ ಸೇರಿಸುತ್ತಾರೆ. ಆಗ 5 + 3 = 8 + 2 = 10 ಅಂತಾಗುತ್ತದೆ. ಇದು ಅದೇ ತಪ್ಪಿನ ಉದ್ದ ರೂಪ. ಮಗು ಖಾಲಿ ಚೌಕದಲ್ಲೇ 10 ಬರೆದರೆ ವಿಷಯ ಬೇರೆ. ಕಂಡ ಅಂಕಿಗಳನ್ನೆಲ್ಲ ಕೂಡಿಸಿಬಿಟ್ಟಿದೆ, = ಎಲ್ಲಿ ನಿಂತಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕೇ ಬಂದಿಲ್ಲ. 5 ಅಥವಾ 7 ಬಂದರೆ ಸಮ ಚಿಹ್ನೆಯ ತಪ್ಪು ಅಂತ ಆತುರ ಪಡಬಾರದು. ಎಣಿಸುವಾಗ ಒಂದು ತಪ್ಪಿರಬಹುದು. ಎರಡೂ ಕಡೆ ಸಮ ಆಗಬೇಕು ಅನ್ನುವುದು ಆ ಮಗುವಿಗೆ ಗೊತ್ತಿರಲೂಬಹುದು.

ಇಲ್ಲಿ ಅಂಕಿಗಳ ಆಯ್ಕೆಯೇ ಪ್ರಶ್ನೆಯ ಜೀವ. 6 + 2 = □ + 0 ಅಂತ ಕೇಳಿದರೆ ಸರಿ ಉತ್ತರವೂ 8, "ಉತ್ತರ ಬರಿ" ಅಂದುಕೊಂಡ ಮಗುವಿನ ಉತ್ತರವೂ 8. ಪ್ರಶ್ನೆ ಸುಮ್ನೆ ದಂಡ. 4 + 3 = □ + 3 ಕೂಡ ಅಷ್ಟೇ: ಎಡಗಡೆ ಇದ್ದದ್ದನ್ನು ನೋಡಿಕೊಂಡು ಬರೆದರೂ 4 ಬಂದುಬಿಡುತ್ತದೆ. ಪ್ರಶ್ನೆ ಬರೆದ ಮೇಲೆ, ಮಗು ತಪ್ಪಾಗಿ ಯೋಚಿಸಿದರೆ ಏನೇನು ಉತ್ತರ ಬರಬಹುದು ಅಂತ ಒಂದೊಂದಾಗಿ ಮಾಡಿ ನೋಡಿ. ಸರಿ ಉತ್ತರ ಅವುಗಳಲ್ಲಿ ಯಾವುದಕ್ಕೂ ತಾಳೆಯಾಗಬಾರದು.

ಎರಡನೇ ಬಗೆಯ ಪ್ರಶ್ನೆಯಲ್ಲಿ ಕೂಡುವ ಕೆಲಸ ಇಲ್ಲ, ಸರಿಯೋ ತಪ್ಪೋ ಹೇಳಿದರೆ ಸಾಕು. 8 = 5 + 3 ಸರಿಯಾ? ಎಷ್ಟೋ ಮಕ್ಕಳು "ಇದು ಉಲ್ಟಾ ಬರೆದಿದೆ" ಅನ್ನುತ್ತಾರೆ. 7 = 7 ತೋರಿಸಿದರೆ ಇನ್ನೂ ಗೊಂದಲ, ಯಾಕೆಂದರೆ ಅಲ್ಲಿ ಮಾಡಲು ಲೆಕ್ಕವೇ ಇಲ್ಲ. "ಇದರಲ್ಲಿ ಪ್ಲಸ್ ಎಲ್ಲಿ?" ಅಂತ ಕೇಳಿ, ತಾವೇ + 0 ಸೇರಿಸಿ ಸರಿಮಾಡಲು ಹೋಗುವವರೂ ಇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇರುವುದರಲ್ಲಿ ಚಿಕ್ಕದೂ ಚುರುಕಾದದ್ದೂ ಈ 7 = 7 ಪ್ರಶ್ನೆಯೇ. ಇಲ್ಲಿ ಎಣಿಕೆಯ ತಪ್ಪಿಗೆ ಜಾಗವೇ ಇಲ್ಲ. ಮಗು ತಪ್ಪು ಅಂದರೆ ಅದು ಚಿಹ್ನೆಯನ್ನೇ ಬೇರೆ ಥರ ಓದಿದೆ.

ಸರಿ-ತಪ್ಪು ಪ್ರಶ್ನೆಯಲ್ಲಿ ಊಹಿಸಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಅದಕ್ಕೇ "ಹೇಗೆ ಗೊತ್ತಾಯ್ತು?" ಅನ್ನುವುದನ್ನು ಬಿಡಬಾರದು. ಉತ್ತರ ಸರಿಯಾದಾಗಲೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಬೇಗ ಜಾಣರಾಗುತ್ತಾರೆ: ಕಾರಣ ಕೇಳಿದ ಕೂಡಲೇ ಉತ್ತರ ಬದಲಿಸುತ್ತಾರೆ.

ಒಂದು ಉದಾಹರಣೆ ನೋಡಿ. ಮಗು 5 + 3 = □ + 2ಕ್ಕೆ 8 ಬರೆದಿದೆ ಅಂದುಕೊಳ್ಳಿ. "ಹೇಗೆ ಗೊತ್ತಾಯ್ತು?" "ಐದು, ಮೂರು ಕೂಡಿದರೆ ಎಂಟು." "ಇಲ್ಲಿ ಎರಡು ಇದೆಯಲ್ಲ, ಅದು ಯಾಕಿದೆ?" "ಅದು ಆಮೇಲಿನದು." ಮುಂದೆ 8 = □ + 3 ಕೊಟ್ಟರೆ 11 ಬರೆಯುತ್ತದೆ. 7 = 7ಕ್ಕೆ ತಪ್ಪು ಅನ್ನುತ್ತದೆ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಈ ಮಗುವಿಗೆ ಕೂಡುವುದು ಚೆನ್ನಾಗಿ ಬರುತ್ತದೆ, 5ಕ್ಕೆ 3 ಕೂಡಿ 8 ಮಾಡಿದೆ, 8ಕ್ಕೆ 3 ಕೂಡಿ 11 ಮಾಡಿದೆ. ಇನ್ನಷ್ಟು ಕೂಡುವ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಅದಕ್ಕೆ ಬೇಕಿರುವುದು ಬೇರೆ ಬೇರೆ ರೂಪದ ಸಾಲುಗಳು: 8 = 5 + 3, 5 + 3 = 3 + 5, 5 + 3 = 6 + 2.

ಕೇಳುವ ಕ್ರಮವೂ ಮುಖ್ಯ. ಖಾಲಿ ಚೌಕದ ಪ್ರಶ್ನೆ ಮೊದಲು, ಸರಿ-ತಪ್ಪು ಆಮೇಲೆ. 5 + 3 = 6 + 2 ಅನ್ನುವ ಸಾಲನ್ನು ಮೊದಲೇ ತೋರಿಸಿದರೆ ಪಾಠ ಅಲ್ಲೇ ಶುರುವಾಗಿಬಿಡುತ್ತದೆ. ಪ್ರಶ್ನೆ ಓದಿ ಹೇಳುವಾಗ "ಐದು ಮೂರು ಕೂಡಿದರೆ ಎಷ್ಟು?" ಅನ್ನಬಾರದು, ಆ "ಎಷ್ಟು" ಮಗುವನ್ನು 8ರ ಕಡೆಗೇ ತಳ್ಳುತ್ತದೆ. ಬರೆದದ್ದನ್ನು ತೋರಿಸಿ, ಖಾಲಿ ಚೌಕದಲ್ಲಿ ಯಾವ ಅಂಕಿ ಬಂದರೆ ಇದು ಸರಿಯಾಗುತ್ತದೆ ಅಂತ ಕೇಳಿದರೆ ಸಾಕು. ಎಲ್ಲ ಮುಗಿಯುವವರೆಗೆ ತಿದ್ದುವುದೂ ಬೇಡ.

ಸರಿ ಉತ್ತರ ಬಂದರೆ ಕೆಲಸ ಮುಗಿಯಿತಾ? ಪೂರ್ತಿ ಇಲ್ಲ. 5 + 3 = □ + 2ಕ್ಕೆ 6 ಬರೆದ ಇಬ್ಬರು ಮಕ್ಕಳು ಬೇರೆ ಬೇರೆ ದಾರಿಯಲ್ಲಿ ಬಂದಿರಬಹುದು. ಒಂದು ಮಗು ಎಡಗಡೆ 8 ಅಂತ ಕೂಡಿ, 2ಕ್ಕೆ ಎಷ್ಟು ಸೇರಿಸಿದರೆ 8 ಅಂತ ಹುಡುಕುತ್ತದೆ. ಇನ್ನೊಂದು ಕೂಡುವುದೇ ಇಲ್ಲ: "ಇಲ್ಲಿ ಮೂರು, ಅಲ್ಲಿ ಎರಡು, ಒಂದು ಕಮ್ಮಿ. ಹಾಗಾದರೆ ಐದಕ್ಕಿಂತ ಒಂದು ಜಾಸ್ತಿ ಬೇಕು." ಇಬ್ಬರೂ ಸಮ ಚಿಹ್ನೆಯನ್ನು ಸರಿಯಾಗಿಯೇ ಓದಿದ್ದಾರೆ, ಆದರೆ ಎರಡನೆಯ ಮಗು ಎರಡೂ ಕಡೆಗಳನ್ನು ಒಟ್ಟಿಗೆ ನೋಡುತ್ತಿದೆ. ಯಾರು ಯಾವ ದಾರಿ ಹಿಡಿದರು ಅಂತ ತಿಳಿಯಲು, ಆ ವಯಸ್ಸಿಗೆ ಕೂಡಲು ಕಷ್ಟವಾಗುವ ಅಂಕಿ ಕೊಡಿ: 27 + 4 = □ + 3. ಮೊದಲನೆಯ ಮಗು ಬೆರಳು ಮಡಿಸಲು ಶುರುಮಾಡುತ್ತದೆ. ಎರಡನೆಯದು 28 ಅಂತ ಬೇಗ ಬರೆದು ಕೊಡುತ್ತದೆ.